ಒಂದು ಮಸಾಲೆ ದೋಸೆಗೆ ಅಸಲು ಎಷ್ಟು ಬೀಳುತ್ತದೆ?

ತುಮಕೂರಿನಲ್ಲಿ ನಮ್ಮದೊಂದು ಸಣ್ಣ ದರ್ಶಿನಿ. ಮೆನು ಬೋರ್ಡಿನಲ್ಲಿರುವ ಪ್ರತಿ ತಿಂಡಿಗೂ ಸಾಮಾನಿನ ಖರ್ಚು ಎಷ್ಟು, ಕೈಗೆ ಉಳಿಯುವುದೆಷ್ಟು ಎಂದು ಖರೀದಿ ಬಿಲ್ಲುಗಳಿಂದ ಲೆಕ್ಕ ತೆಗೆಯುತ್ತೇನೆ. ನಮ್ಮ ವ್ಯಾಪಾರದಲ್ಲಿ ಅರ್ಧದಷ್ಟು ಮಸಾಲೆ ದೋಸೆಯದೇ. ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಬಿಲ್ಲಿನ ದರವನ್ನು ಕೆಜಿ ದರಕ್ಕೆ ಇಳಿಸಬೇಕು. ಹೋಟೆಲಿನವರು 5% ಜಿಎಸ್‌ಟಿ ಕಟ್ಟುವುದಾದರೆ ಖರೀದಿಯ ಮೇಲೆ ಕೊಟ್ಟ ತೆರಿಗೆ ವಾಪಸ್ ಸಿಗುವುದಿಲ್ಲ. ಆದ್ದರಿಂದ ತೆರಿಗೆ ಸೇರಿ ಎಷ್ಟು ಕೊಟ್ಟೆವೋ ಅದೇ ನಮಗೆ ದರ. ಆಟೋ ಬಾಡಿಗೆ, ಹಮಾಲಿಯನ್ನೂ ಅದಕ್ಕೆ ಸೇರಿಸುತ್ತೇನೆ. ಮೂಟೆಯ ಮೇಲೆ ಬರೆದಿರುವ ತೂಕ ನಂಬದೆ ನಮ್ಮ ತಕ್ಕಡಿಯ ತೂಕದಿಂದ ಭಾಗಿಸುತ್ತೇನೆ. ತರಕಾರಿ ಮಂಡಿಯಲ್ಲಿ ಬಿಲ್ಲು ಕೊಡುವುದಿಲ್ಲ, ಅಲ್ವಾ? ಅದನ್ನು ಅಂದಂದೇ ಪುಸ್ತಕದಲ್ಲಿ ಬರೆದಿಡಬೇಕು. ಬರೆಯದೆ ಬಿಟ್ಟರೆ ಆ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ದೋಸೆ. ನಮ್ಮ ಒಂದು ಸಲದ ಹಿಟ್ಟಿಗೆ 8 ಕೆಜಿ ದೋಸೆ ಅಕ್ಕಿ, 2 ಕೆಜಿ ಉದ್ದಿನ ಬೇಳೆ, ಅರ್ಧ ಕೆಜಿ ಅವಲಕ್ಕಿ, ಸ್ವಲ್ಪ ಕಡಲೆ ಬೇಳೆ, ಮೆಂತ್ಯ ಬೀಳುತ್ತದೆ. ಎಲ್ಲ ಸೇರಿ ಸುಮಾರು 638 ರೂಪಾಯಿ. ರುಬ್ಬಿದ ಮೇಲೆ 26 ಕೆಜಿಯಷ್ಟು ಹಿಟ್ಟು ಬರುತ್ತದೆ. ಒಂದು ಸೌಟಿಗೆ 130 ಗ್ರಾಂ ಅಂದರೆ 200 ದೋಸೆ ಆಗಬೇಕು. ಆದರೆ ಪಾತ್ರೆಗೆ ಅಂಟಿದ್ದು, ಕಾವಲಿ ಹದಕ್ಕೆ ಬರುವ ತನಕ ಕೆಟ್ಟ ದೋಸೆ ಎಲ್ಲ ಕಳೆದರೆ ಮಾರಾಟಕ್ಕೆ ಸಿಗುವುದು 190. ಭಾಗಿಸಬೇಕಾದ್ದು ಇದರಿಂದಲೇ. ಒಂದು ದೋಸೆಯ ಹಿಟ್ಟಿಗೆ 3.36 ರೂಪಾಯಿ ಆಯಿತು.

ಪಲ್ಯಕ್ಕೂ ಹೀಗೇ. 10 ಕೆಜಿ ಆಲೂಗಡ್ಡೆ ತಂದರೆ ಬೇಯಿಸಿ, ಸಿಪ್ಪೆ ತೆಗೆದು, ಕೊಳೆತದ್ದು ಬಿಸಾಕಿದ ಮೇಲೆ ಎಂಟೂವರೆ ಕೆಜಿ ಉಳಿಯುತ್ತದೆ. ಕೊಟ್ಟ ದುಡ್ಡು ಮಾತ್ರ ಹತ್ತಕ್ಕೂ ಕೊಟ್ಟಿರುತ್ತೇವೆ. ಈರುಳ್ಳಿ, ಎಣ್ಣೆ, ಒಗ್ಗರಣೆ ಸೇರಿ 507 ರೂಪಾಯಿಗೆ 12 ಕೆಜಿ ಪಲ್ಯ. ದೋಸೆಗೆ 80 ಗ್ರಾಂನಂತೆ 3.38 ರೂಪಾಯಿ.

ಹೊಸದಾಗಿ ಲೆಕ್ಕ ಹಾಕುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಚಟ್ನಿ, ಬೆಣ್ಣೆಗೆ ಅಂದಾಜಿನಲ್ಲಿ ಎರಡು ರೂಪಾಯಿ ಹಾಕಿಬಿಡುತ್ತಾರೆ. ದುಡ್ಡು ಹೋಗುವುದು ಅಲ್ಲೇ.

ಚಟ್ನಿಯನ್ನು ಸೌಟಿನಲ್ಲಿ ಅಳೆದು ಪ್ರಯೋಜನವಿಲ್ಲ, ಯಾಕೆಂದರೆ ಗಿರಾಕಿ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ. ಹಾಕಲೇಬೇಕು. ಅದಕ್ಕೆ ನಾನು ಉಲ್ಟಾ ಲೆಕ್ಕ ಮಾಡುತ್ತೇನೆ. 10 ತೆಂಗಿನಕಾಯಿ, ಒಂದು ಕೆಜಿ ಹುರಿಗಡಲೆ, ಮೆಣಸಿನಕಾಯಿ, ಕೊತ್ತಂಬರಿ, ಒಗ್ಗರಣೆ ಎಲ್ಲ ಸೇರಿ ಒಂದು ಸಲಕ್ಕೆ 510 ರೂಪಾಯಿ. ಆ ಚಟ್ನಿ ಖಾಲಿಯಾಗುವಷ್ಟರಲ್ಲಿ ಚಟ್ನಿ ಹೋಗುವಂಥ ಎಷ್ಟು ಪ್ಲೇಟು ಬಿಲ್ಲಾಗಿದೆ ಎಂದು ಕೌಂಟರಿನಲ್ಲಿ ನೋಡುತ್ತೇನೆ. ಕೆಲವು ದಿನದ ಸರಾಸರಿ 85 ಪ್ಲೇಟು ಬಂತು. ಪ್ಲೇಟಿಗೆ 6 ರೂಪಾಯಿ. ಹಿಟ್ಟು, ಪಲ್ಯ ಎರಡೂ ಸೇರಿದರೆ 6.74. ಸುಮ್ನೆ ಕೊಡುತ್ತೇವೆ ಅಂದುಕೊಳ್ಳುವ ಚಟ್ನಿ ಹೆಚ್ಚುಕಮ್ಮಿ ಅಷ್ಟೇ ತಿನ್ನುತ್ತದೆ.

ಬೆಣ್ಣೆ ಕೆಜಿಗೆ 520. ಒಂದು ಚಮಚಕ್ಕೆ 12 ಗ್ರಾಂ ಅಂತ ಹಿಡಿದರೆ 6.24. ಒಳಗೆ ಸವರುವ ಕೆಂಪು ಚಟ್ನಿಗೆ 60 ಪೈಸೆ. ಒಟ್ಟು 19.58 ರೂಪಾಯಿ.

ಬೋರ್ಡಿನಲ್ಲಿ ದೋಸೆ 70 ರೂಪಾಯಿ, ತೆರಿಗೆ ಸೇರಿ. ಅಂದರೆ ನಮ್ಮದು 70 ಅಲ್ಲ. 1.05ರಿಂದ ಭಾಗಿಸಿದರೆ 66.67. ಸಾಮಾನಿನ ಖರ್ಚು ಶೇಕಡ 29.4. ಉಳಿಯುವುದು 47.09. ಸಂಬಳ, ಬಾಡಿಗೆ, ಗ್ಯಾಸು, ಕರೆಂಟು ಎಲ್ಲ ಇದರಲ್ಲೇ ಹೋಗಬೇಕು. ಇದು ಲಾಭ ಅಲ್ಲ.

ಇಷ್ಟೂ ಕಾಗದದ ಮೇಲಿನ ಲೆಕ್ಕ. ನಿಜವೋ ಅಲ್ಲವೋ ಅಂತ ಹೇಳುವುದು ತಿಂಗಳ ಲೆಕ್ಕ. ತಿಂಗಳ ಮೊದಲ ದಿನ ಇದ್ದ ದಾಸ್ತಾನಿಗೆ ತಿಂಗಳ ಖರೀದಿ ಕೂಡಿಸಿ, ಕೊನೆಗೆ ಉಳಿದ ದಾಸ್ತಾನು ಕಳೆಯಬೇಕು. ಒಂದು ತಿಂಗಳು ಹೀಗಿತ್ತು: 38,000 ಇತ್ತು, 2,31,000 ತಂದೆವು, 29,000 ಉಳಿಯಿತು. ಖರ್ಚಾದದ್ದು 2,40,000. ತೆರಿಗೆ ಕಳೆದ ಮಾರಾಟ 6 ಲಕ್ಷ. ಶೇಕಡ 40. ಆದರೆ ಪ್ರತಿ ತಿಂಡಿಯ ಅಸಲನ್ನು ಮಾರಿದ ಸಂಖ್ಯೆಯಿಂದ ಗುಣಿಸಿ ಕೂಡಿದರೆ 2,04,000, ಅಂದರೆ ಶೇಕಡ 34. ನಡುವೆ 36,000 ರೂಪಾಯಿ ವ್ಯತ್ಯಾಸ.

ಕಳ್ಳತನ ಅಂತ ತಕ್ಷಣ ಯಾರ ಮೇಲೂ ಅನುಮಾನ ಪಡಬೇಡಿ. ಮೊದಲು ಹುಡುಗರ ಊಟ ತಿಂಡಿ ಕಳೆಯಿರಿ. ನಮ್ಮಲ್ಲಿ 9 ಜನ, ದಿನಕ್ಕೆ ಒಬ್ಬರಿಗೆ 70 ರೂಪಾಯಿ ಸಾಮಾನು ಎಂದರೂ ತಿಂಗಳಿಗೆ 18,900. ಅವರ ಊಟ ಅದು, ಅದರಲ್ಲಿ ಕೈ ಬಿಗಿ ಮಾಡುವ ಮಾತೇ ಇಲ್ಲ. ಆದರೆ ಬೇರೆ ಸಾಲಿನಲ್ಲಿ ಬರೆಯಬೇಕು.

ಉಳಿದ 17,100 ಹುಡುಕಲು ಇಡೀ ಅಡುಗೆಮನೆ ಜಾಲಾಡುವುದಿಲ್ಲ. ದುಬಾರಿ ಸಾಮಾನು ಒಂದನ್ನು ಹಿಡಿಯುತ್ತೇನೆ. ಆ ತಿಂಗಳು ದೋಸೆ ಕಾವಲಿಗೆ 62 ಕೆಜಿ ಬೆಣ್ಣೆ ಹೋಗಿತ್ತು. ಬಿಲ್ಲಾದ ಮಸಾಲೆ ದೋಸೆ 4,500. ಭಾಗಿಸಿ ನೋಡಿದರೆ ಒಂದಕ್ಕೆ ಹತ್ತಿರ ಹತ್ತಿರ 14 ಗ್ರಾಂ. ಬೆಣ್ಣೆ ಡಬ್ಬಿಯನ್ನು ಪಾಳಿ ಶುರುವಿಗೂ ಮುಗಿದ ಮೇಲೂ ತೂಗಿದೆವು. ಅಷ್ಟೇ ಬಂತು. ಭಟ್ಟರನ್ನು ಕೇಳಿದೆ. "ಹನ್ನೆರಡು ಹಾಕಿದ್ರೆ ಅಂಚು ಗರಿ ಬರಲ್ಲ ಸರ್, ಬಣ್ಣಾನೂ ಕಟ್ಟಲ್ಲ" ಅಂದರು. ಎರಡು ಥರವೂ ಹಾಕಿಸಿ ತಿಂದು ನೋಡಿದೆ. ಅವರು ಹೇಳಿದ್ದು ಸರಿ. ಬೆಣ್ಣೆ ಕಮ್ಮಿ ಮಾಡಲಿಲ್ಲ, ಲೆಕ್ಕದಲ್ಲೇ 14 ಬರೆದೆ. ಅಸಲು 20.62 ಆಯಿತು, ಶೇಕಡ 30.9. ಉಳಿಯುವುದು 46.05. ಮಿಕ್ಕ ವ್ಯತ್ಯಾಸದಲ್ಲಿ ಜಾಸ್ತಿ ಪಾಲು ರಾತ್ರಿ ಚೆಲ್ಲುತ್ತಿದ್ದ ಚಟ್ನಿಯದು. ಸಂಜೆ ಏಳರ ನಂತರ ಅರ್ಧ ಅಳತೆ ರುಬ್ಬಲು ಶುರು ಮಾಡಿದೆವು.

ಒಂದು ಮಾತು ಒತ್ತಿ ಹೇಳಬೇಕು. ಶೇಕಡವನ್ನೇ ನೋಡಿಕೊಂಡು ದರ ಏರಿಸಬಾರದು. ತೆಂಗಿನಕಾಯಿ 32ರಿಂದ 45ಕ್ಕೆ ಹೋದಾಗ ನಮ್ಮ ಚಟ್ನಿ ಪ್ಲೇಟಿಗೆ 7.53 ಆಯಿತು, ದೋಸೆಯ ಅಸಲು 22.15. ಹಳೆಯ ಶೇಕಡ 31ರ ಆಸುಪಾಸಿನಲ್ಲೇ ಇರಬೇಕೆಂದರೆ ದೋಸೆ 75 ಮಾಡಬೇಕಿತ್ತು. ಆದರೆ ರೂಪಾಯಿಯಲ್ಲಿ ನೋಡಿದರೆ ನಮಗೆ ತಗ್ಗಿದ್ದು ದೋಸೆಗೆ ಒಂದೂವರೆ ಮಾತ್ರ. ಅಷ್ಟಕ್ಕೆ ಐದು ರೂಪಾಯಿ ಏರಿಸುವುದು ನನಗೆ ಸರಿ ಕಾಣಲಿಲ್ಲ.

ಹಾಗಂತ ಸುಮ್ಮನಿರುವಂತೆಯೂ ಇರಲಿಲ್ಲ. 4,500 ದೋಸೆಗೆ ಆ ಒಂದೂವರೆ ತಿಂಗಳಿಗೆ ಸುಮಾರು 6,900 ರೂಪಾಯಿ. ಪಾರ್ಸೆಲ್ ಡಬ್ಬಿ, ಚಟ್ನಿ ಕವರು, ಬಟರ್ ಪೇಪರ್ ಸೇರಿ ಒಂದಕ್ಕೆ 5 ರೂಪಾಯಿ ಬೀಳುತ್ತಿತ್ತು, ಅದನ್ನು ನಾವು ತೆಗೆದುಕೊಳ್ಳುತ್ತಿರಲಿಲ್ಲ. ಈಗ ಪಾರ್ಸೆಲಿಗೆ ಐದು ರೂಪಾಯಿ ಬೇರೆ ಹಾಕುತ್ತೇವೆ, ಬೋರ್ಡಿನಲ್ಲಿ ಬರೆದೇ. ಕೂತು ತಿನ್ನುವವರಿಗೆ ದೋಸೆ 70ರಲ್ಲೇ ಇದೆ. ಕಾಯಿ ದರ 50 ದಾಟಿದರೆ ಮತ್ತೆ ಲೆಕ್ಕಕ್ಕೆ ಕೂರುತ್ತೇನೆ.