‘ಲೀಡರ್‌ಶಿಪ್ ಇದೆ’ ಅಂದರೆ ಸಾಲದು, ಎಲ್ಲಿದೆ ತೋರಿಸಿ

ಟೀಮ್ ಲೀಡ್ ಹುದ್ದೆಗೆ ಬರುವ ರೆಸ್ಯೂಮೆಗಳಲ್ಲಿ ‘ಉತ್ತಮ ನಾಯಕತ್ವ ಗುಣ’ ಎಂಬ ಸಾಲು ಇಲ್ಲದ್ದು ಸಿಗುವುದೇ ಕಷ್ಟ. ಹಾಗಾಗಿ ಆ ಸಾಲಿನ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ನೀವು ಮಾಡಿದ್ದರಿಂದ ಪಕ್ಕದವರು ಕೆಲಸ ಮಾಡುವ ರೀತಿ ಬದಲಾಯಿತೇ? ರೆಸ್ಯೂಮೆ ನೋಡುವವರು ಹುಡುಕುವುದು ಇದನ್ನು. ಲೀಡ್ ಎಂಬ ಹೆಸರು ಸಿಗುವ ಮೊದಲೇ ಇಂಥದ್ದು ನಡೆದಿರುತ್ತದೆ, ಆಫೀಸಿನ ಯಾವುದೋ ಮೂಲೆಯಲ್ಲಿ ದಾಖಲೂ ಆಗಿರುತ್ತದೆ.

ಒಂದು ಉದಾಹರಣೆ ನೋಡೋಣ. ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಂಪನಿಯ ಸಪೋರ್ಟ್ ಟೀಮಿನಲ್ಲಿ ಒಬ್ಬಾಕೆ ನಾಲ್ಕು ವರ್ಷದಿಂದ ಇದ್ದಾಳೆ ಎಂದುಕೊಳ್ಳಿ. ಶಿಫ್ಟ್ ಕೆಲಸ. ‘ತಂಡವನ್ನು ಮುನ್ನಡೆಸಿದ್ದೇನೆ’ ಎಂದು ರೆಸ್ಯೂಮೆಯಲ್ಲಿ ಬರೆದಿದ್ದಾಳೆ.

ಮೊದಲು ಹಳೆಯ ದಾಖಲೆ ಕೆದಕಿ

ನೆನಪನ್ನು ನಂಬಿ ಕೂರಬೇಡಿ. ಹಿಂದಿನ ಎರಡು ವರ್ಷದ ಕ್ಯಾಲೆಂಡರ್ ತೆರೆದು, ನೀವೇ ಕರೆದ ಮೀಟಿಂಗ್‌ಗಳನ್ನು ಮಾತ್ರ ನೋಡಿ. ಆಮೇಲೆ ಅಪ್ರೈಸಲ್‌ಗೆ ನೀವೇ ಬರೆದುಕೊಟ್ಟ ಟಿಪ್ಪಣಿ, ರೋಸ್ಟರ್ ಶೀಟ್, ಹೊಸಬರಿಗೆ ಮಾಡಿಕೊಟ್ಟ ಡಾಕ್ಯುಮೆಂಟ್. ಶೀಟ್‌ನ ವರ್ಷನ್ ಹಿಸ್ಟರಿಯಲ್ಲಿ ಯಾರು, ಯಾವಾಗ ಶುರು ಮಾಡಿದ್ದು ಎಂಬುದು ಸಾಮಾನ್ಯವಾಗಿ ಸಿಗುತ್ತದೆ.

ನಮ್ಮ ಉದಾಹರಣೆಯವಳಿಗೆ ಹೀಗೆ ಎರಡು ವಿಷಯ ಸಿಕ್ಕವು. ಲೀಡ್ ರಜೆಯಲ್ಲಿದ್ದಾಗ 3 ವಾರ 7 ಜನರ ರೋಸ್ಟರ್ ನೋಡಿಕೊಂಡಿದ್ದಳು. ಇನ್ನೊಂದನ್ನು ಅವಳು ಮರೆತೇಬಿಟ್ಟಿದ್ದಳು: ರಾತ್ರಿ ಶಿಫ್ಟಿನವರು ಗ್ರಾಹಕರ ದೂರಿನ ಟಿಕೆಟ್ ಅನ್ನು ಮುಂದಿನ ಶಿಫ್ಟಿಗೆ ಬಿಟ್ಟುಹೋಗುವಾಗ ತುಂಬಬೇಕಾದ ಒಂದು ಸಣ್ಣ ಹ್ಯಾಂಡೋವರ್ ಫಾರ್ಮ್. ಸುಮ್ನೆ ಕಿರಿಕಿರಿ ತಪ್ಪಲಿ ಅಂತ ಮಾಡಿದ್ದು. ಯಾರೂ ಹೇಳಿರಲಿಲ್ಲ, ಆದರೂ ಎರಡೂ ಶಿಫ್ಟಿನವರು ಅದನ್ನೇ ಬಳಸತೊಡಗಿದ್ದರು. ನನ್ನ ಲೆಕ್ಕದಲ್ಲಿ ರೋಸ್ಟರ್‌ಗಿಂತ ಇದೇ ಗಟ್ಟಿ ಸಾಕ್ಷಿ. ರೋಸ್ಟರ್ ವಹಿಸಿದ ಕೆಲಸ, ಇದು ತಾನಾಗಿ ಹೊತ್ತುಕೊಂಡದ್ದು.

ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು

ಫಾರ್ಮ್ ಬರುವ ಮುಂಚಿನ 4 ವಾರದಲ್ಲಿ ಒಂದು ಶಿಫ್ಟಿನಿಂದ ಇನ್ನೊಂದಕ್ಕೆ ದಾಟಿದ ಟಿಕೆಟ್ 200. ಅದರಲ್ಲಿ 44 ಗಡುವು ಮೀರಿದ್ದವು. ಬಂದ ಮೇಲಿನ 4 ವಾರದಲ್ಲಿ 180 ಟಿಕೆಟ್, ಗಡುವು ಮೀರಿದ್ದು 18. ಅಂದರೆ ನೂರಕ್ಕೆ 22 ಇದ್ದದ್ದು 10 ಆಯಿತು. ಬರೀ 44 ಮತ್ತು 18 ಹೋಲಿಸಿದರೆ ತಪ್ಪಾಗುತ್ತದೆ, ಯಾಕೆಂದರೆ ಟಿಕೆಟ್‌ಗಳೇ ಕಡಿಮೆ ಬಂದಿದ್ದವು.

ಜಾಸ್ತಿ ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಅದೇ ಹೊತ್ತಿಗೆ ಬೇರೇನಾದರೂ ಬದಲಾಗಿತ್ತೇ? ಇವಳ ಕಂಪನಿಯಲ್ಲಿ ಗಡುವು ಹತ್ತಿರವಾದಾಗ ಎಚ್ಚರಿಸುವ ಅಲರ್ಟ್ ವ್ಯವಸ್ಥೆಯೂ ಬಂದಿತ್ತು. ಆದರೆ ಅದು ಬಂದದ್ದು ಈ 4 ವಾರ ಮುಗಿದ ಮೇಲೆ. ಹಾಗಾಗಿ ಈ ಲೆಕ್ಕ ನಿಲ್ಲುತ್ತದೆ. ಆಮೇಲಿನ ತಿಂಗಳಲ್ಲಿ ನೂರಕ್ಕೆ 4ಕ್ಕೆ ಇಳಿದರೂ ಆ ಅಂಕಿ ಇವಳದ್ದಲ್ಲ, ಬಿಡಬೇಕು. ಒಂದುವೇಳೆ ಎರಡೂ ಒಂದೇ ವಾರ ಬಂದಿದ್ದರೆ ಅಂಕಿಯನ್ನೇ ಕೈಬಿಟ್ಟು, ‘ಎರಡೂ ಶಿಫ್ಟ್ ಇವತ್ತಿಗೂ ಈ ಫಾರ್ಮ್ ಬಳಸುತ್ತಿವೆ’ ಎಂದಷ್ಟೇ ಬರೆಯುವುದು ಸರಿ.

ಸಾಲು ಬರೆಯಿರಿ, ಆಮೇಲೆ ಕುಟ್ಟಿ ನೋಡಿ

ರೆಸ್ಯೂಮೆಯಲ್ಲಿ ಈಗ ಹೀಗೆ ಬರುತ್ತದೆ: ‘ಎರಡು ಶಿಫ್ಟ್‌ಗಳಿಗೆ ಹ್ಯಾಂಡೋವರ್ ಫಾರ್ಮ್ ರೂಪಿಸಿ ಜಾರಿಗೆ ತಂದೆ, ಶಿಫ್ಟ್ ದಾಟುವ ಟಿಕೆಟ್‌ಗಳಲ್ಲಿ ಗಡುವು ಮೀರುವುದು 4 ವಾರದಲ್ಲಿ ಶೇ 22ರಿಂದ 10ಕ್ಕೆ ಇಳಿಯಿತು.’ ಇನ್ನೊಂದು ಸಾಲು: ‘ಲೀಡ್ ರಜೆಯಲ್ಲಿದ್ದಾಗ 3 ವಾರ 7 ಜನರ ರೋಸ್ಟರ್ ನಿರ್ವಹಿಸಿದೆ.’ ಇದನ್ನೇ ‘7 ಜನರ ತಂಡ ನಿರ್ವಹಿಸಿದೆ’ ಎಂದು ಮೊಟಕು ಮಾಡಿದರೆ, ‘ಅವರ ಅಪ್ರೈಸಲ್ ನೀವೇ ಮಾಡ್ತಿದ್ರಾ?’ ಎಂಬ ಒಂದೇ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ.

ಈ ಸಾಲುಗಳನ್ನು ಆಗ ಜೊತೆಗಿದ್ದ ಸಹೋದ್ಯೋಗಿಗೆ ಓದಿ ಹೇಳಿ. ಮೂರು ಪ್ರಶ್ನೆ ಕೇಳಲು ಹೇಳಿ: ಫಾರ್ಮ್ ತುಂಬಲ್ಲ ಅಂದವರು ಯಾರು? ಅವರನ್ನು ಹೇಗೆ ಒಪ್ಪಿಸಿದೆ? ಯಾವುದು ಕೆಲಸ ಮಾಡಲಿಲ್ಲ? ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ನಿಮ್ಮ ಕೈಯಲ್ಲಿರುವುದು ಒಳ್ಳೆಯ ಫಾರ್ಮ್ ಅಷ್ಟೇ, ನಾಯಕತ್ವದ ಸಾಕ್ಷಿ ಅಲ್ಲ. ಇವಳ ಬಳಿ ಉತ್ತರವಿತ್ತು. ರಾತ್ರಿ ಶಿಫ್ಟಿನವರು ಹನ್ನೊಂದು ಕಾಲಂ ಜಾಸ್ತಿಯಾಯಿತು ಎಂದು ಗೊಣಗಿದ್ದರು. ಅವರ ಜೊತೆ ಒಂದು ರಾತ್ರಿ ಕೂತು ನಾಲ್ಕಕ್ಕೆ ಇಳಿಸಿದ್ದಳು.

ಒಂದು ಎಚ್ಚರಿಕೆ. ಆಫೀಸಿನ ಮೇಲ್, ಶೀಟ್, ಸ್ಕ್ರೀನ್‌ಶಾಟ್ ಯಾವುದನ್ನೂ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಸಾಮಾನ್ಯವಾಗಿ ಅದು ಒಪ್ಪಂದ ಮುರಿದಂತೆ, ರಾಜೀನಾಮೆ ಕೊಟ್ಟ ಮೇಲಂತೂ ಅದರ ಮೇಲೆ ಕಣ್ಣಿಟ್ಟಿರುತ್ತಾರೆ. ರೆಸ್ಯೂಮೆಯಲ್ಲಿ ಗ್ರಾಹಕ ಕಂಪನಿಯ ಹೆಸರು ಬೇಡ. ಟಿಕೆಟ್ ಸಂಖ್ಯೆಯನ್ನೂ ಕಂಪನಿ ಗುಟ್ಟೆಂದು ನೋಡುವುದಾದರೆ ಶೇಕಡಾವಾರು ಮಾತ್ರ, ಅದೂ ಬೇಡವೆಂದರೆ ‘ಅರ್ಧಕ್ಕಿಂತ ಕಡಿಮೆಯಾಯಿತು’ ಎಂದರೂ ಸಾಕು. ಈ ಹುಡುಕಾಟವನ್ನು ನೋಟಿಸ್ ಪೀರಿಯಡ್‌ನ ಕೊನೆಗೆ ಇಟ್ಟುಕೊಳ್ಳಬೇಡಿ. ಕೊನೆಯ ದಿನ ಸಂಜೆ ಲಾಗಿನ್ ಬಂದ್ ಆದರೆ ಆ ಕ್ಯಾಲೆಂಡರ್ ಮತ್ತೆ ತೆರೆಯುವುದಿಲ್ಲ.