ಮಾವಿನೆಲೆಯ ಪಿಸಿಆರ್: ನೀರು ಹಾಕಿದ ಮೇಲೆ ಬಂದ ಬ್ಯಾಂಡ್

ಶಿರಸಿ ಕಡೆಯ ಅಪ್ಪೆಮಿಡಿ ಮರಗಳ ಎಲೆಯಿಂದ ಡಿಎನ್ಎ ತೆಗೆದು, ಬೇಕಾದ ತುಂಡನ್ನು ಪಿಸಿಆರ್‌ನಲ್ಲಿ ಮತ್ತೆ ಮತ್ತೆ ಪ್ರತಿ ಮಾಡಿಸಿ ಜೆಲ್‌ನಲ್ಲಿ ಓಡಿಸಿ, ಎರಡು ತಿಂಗಳು ಒಂದೂ ಬ್ಯಾಂಡ್ ಕಾಣದೆ ಒದ್ದಾಡಿದೆ. ಈಗ ನಲವತ್ತು ಮರಗಳಲ್ಲಿ ಮೂವತ್ತೆಂಟಕ್ಕೆ ಬ್ಯಾಂಡ್ ಬಂದಿದೆ. ನಮ್ಮ ಲ್ಯಾಬ್‌ನಲ್ಲಿ ಮಾವಿನ ಮೇಲೆ ಕೆಲಸ ಮಾಡಿದವರಲ್ಲಿ ಇಷ್ಟು ಬಂದಿದ್ದು ನನಗೇ ಮೊದಲು.

ತಳಿಗಳನ್ನು ಗುರುತಿಸುವ ಎಸ್‌ಎಸ್‌ಆರ್ ಪರೀಕ್ಷೆ ಮಾಡುವ ಮುಂಚೆ ಡಿಎನ್ಎ ಸರಿಯಿದೆಯಾ ಅಂತ ನೋಡಲು ಆರ್‌ಬಿಸಿಎಲ್ ಜೀನಿನ ತುಂಡಿನ ಎರಡು ತುದಿಗೆ ಅಂಟುವ ಪ್ರೈಮರ್ ಹಾಕುತ್ತಿದ್ದೆ. ಸುಮಾರು 600 ಬೇಸ್‌ಪೇರ್‌ನ ಬ್ಯಾಂಡ್ ಬರಬೇಕು. ರಾಗಿ ಎಲೆಯ ಡಿಎನ್ಎಗೆ ಪ್ರತಿ ಸಲ ಬರುತ್ತಿತ್ತು. ಮಾವಿಗೆ ಮಾತ್ರ ಖಾಲಿ.

ಎಲ್ಲರ ಸಲಹೆಯನ್ನೂ ಕೇಳಿದೆ. ಹೊಸ ಪ್ರೈಮರ್ ತರಿಸಿದೆ, ಎಂಟುನೂರು ರೂಪಾಯಿ ಹೋಯಿತು. ಮೆಗ್ನೀಸಿಯಂ 1.5 ಮಿಲಿಮೋಲಾರ್‌ನಿಂದ 2.5ಕ್ಕೆ ಏರಿಸಿದೆ. ಪ್ರೈಮರ್ ಅಂಟುವ ಹಂತದ, ಅಂದರೆ ಅನೀಲಿಂಗ್‌ನ ತಾಪ 55ರಿಂದ 50 ಡಿಗ್ರಿಗೆ ಇಳಿಸಿದೆ. 35 ಸೈಕಲ್ ಇದ್ದದ್ದನ್ನು 40 ಮಾಡಿದೆ. ಟೆಂಪ್ಲೇಟ್, ಅಂದರೆ ಪ್ರತಿ ಮಾಡಬೇಕಾದ ಮಾವಿನ ಡಿಎನ್ಎ, 1 ಮೈಕ್ರೋಲೀಟರ್ ಬದಲು 3 ಹಾಕಿದೆ. ಏನೂ ಬರಲಿಲ್ಲ. ಇನ್ನೂರು ರಿಯಾಕ್ಷನ್‌ನ ಮಾಸ್ಟರ್ ಮಿಕ್ಸ್ ಮುಗಿಯಿತು, ಅದೇ ಆರೇಳು ಸಾವಿರ. ಹದಿನೈದು ಸಾವಿರದ ಕಾಲಂ ಕಿಟ್ ತರಿಸೋಣ ಅನ್ನುವ ಮಾತೂ ಬಂತು.

ಆಗ ಡಿಎನ್ಎಯನ್ನು ಇನ್ನೊಮ್ಮೆ ಕಣ್ಣಾರೆ ನೋಡಿದೆ. ಟ್ಯೂಬ್ ತಳದ ಪೆಲೆಟ್ ಚಹಾ ಬಣ್ಣಕ್ಕಿತ್ತು. ಪಿಪೆಟ್‌ನಲ್ಲಿ ಎಳೆದರೆ ಟಿಪ್‌ಗೆ ಲೋಳೆಯಂತೆ ಅಂಟುತ್ತಿತ್ತು. ನ್ಯಾನೋಡ್ರಾಪ್‌ನಲ್ಲಿ ಪ್ರೊಟೀನ್ ಕೊಳೆ ಇದ್ದರೆ ತೋರಿಸುವ 260/280 ಅನುಪಾತ ಚೆನ್ನಾಗೇ ಇತ್ತು, ಹತ್ತಿರ ಹತ್ತಿರ 1.8. ಅದನ್ನೇ ನಂಬಿ ಕೂತಿದ್ದೆ. ಲೋಳೆ, ಪಾಲಿಫಿನಾಲ್‌ನಂಥ ಕೊಳೆ ಇದ್ದರೆ ಇಳಿಯುವ 260/230 ಮಾತ್ರ ತೀರಾ ಕಡಿಮೆ, 0.6ರ ಆಸುಪಾಸು.

ಅವತ್ತು ಮೂರೇ ಟ್ಯೂಬ್ ಇಟ್ಟೆ. ಒಂದರಲ್ಲಿ ರಾಗಿ ಡಿಎನ್ಎ, ಜೊತೆಗೆ ಡಿಎನ್ಎ ಕರಗಿಸಿಡುವ ಟಿಇ ಬಫರ್ ಮಾತ್ರ. ಎರಡನೆಯದರಲ್ಲಿ ಮಾವು ಮಾತ್ರ. ಮೂರನೆಯದರಲ್ಲಿ ರಾಗಿ 1 ಮೈಕ್ರೋಲೀಟರ್, ಜೊತೆಗೆ ಮಾವು 1 ಮೈಕ್ರೋಲೀಟರ್. ಮೊದಲನೆಯದಕ್ಕೂ ಟಿಇ ಹಾಕಿದ್ದಕ್ಕೆ ಕಾರಣವಿದೆ. ಅದರೊಳಗಿನ ಇಡಿಟಿಎ ಎಂಜೈಮಿಗೆ ಬೇಕಾದ ಮೆಗ್ನೀಸಿಯಂ ಹಿಡಿದುಕೊಳ್ಳುತ್ತದೆ, ಆ ಅನುಮಾನ ಉಳಿಯಬಾರದಲ್ವಾ? ಜೆಲ್ ನೋಡಿದರೆ ಮೊದಲನೆಯದರಲ್ಲಿ ದಪ್ಪ ಬ್ಯಾಂಡ್. ಮೂರನೆಯದರಲ್ಲಿ ರಾಗಿಯ ಬ್ಯಾಂಡೂ ಮಾಯ! ಪ್ರೈಮರ್‌ದು ತಪ್ಪಿಲ್ಲ, ಸೈಕಲ್‌ದೂ ತಪ್ಪಿಲ್ಲ. ಮಾವಿನ ಪಾಲಿಫಿನಾಲ್, ಲೋಳೆ ಎಲ್ಲ ಸೇರಿ ಡಿಎನ್ಎ ಪ್ರತಿ ಮಾಡುವ ಟ್ಯಾಕ್ ಎಂಜೈಮನ್ನೇ ಕಟ್ಟಿಹಾಕಿದ್ದವು.

"ಡಿಎನ್ಎಗೆ ನೀರು ಸೇರಿಸ್ತೇನೆ" ಅಂದೆ. "ಬ್ಯಾಂಡೇ ಬರ್ತಿಲ್ಲ, ಇನ್ನೂ ತೆಳು ಮಾಡ್ತೀಯಾ?" ಅಂದರು ಸೀನಿಯರ್. ನನಗೆ ಧೈರ್ಯವಿತ್ತು. ಆರ್‌ಬಿಸಿಎಲ್ ಕ್ಲೋರೋಪ್ಲಾಸ್ಟ್ ಜೀನ್, ಎಲೆಯ ಒಂದೊಂದು ಕೋಶದಲ್ಲೂ ಅದರ ನೂರಾರು ಪ್ರತಿ ಇರುತ್ತವೆ. ತೆಳು ಮಾಡಿದರೆ ಟೆಂಪ್ಲೇಟ್ ಸಾಕಷ್ಟು ಉಳಿಯುತ್ತದೆ, ತಡೆಯುವ ವಸ್ತು ಮಾತ್ರ ಎಂಜೈಮಿಗೆ ತೊಂದರೆ ಕೊಡದಷ್ಟು ಕಡಿಮೆಯಾಗುತ್ತದೆ. ಹತ್ತು ಪಟ್ಟು ತೆಳು ಮಾಡಿದಾಗ ಏನೂ ಇಲ್ಲ. ಐವತ್ತು ಪಟ್ಟು ಮಾಡಿದಾಗ ಬ್ಯಾಂಡ್ ಬಂತು. ನೂರು ಪಟ್ಟು ಮಾಡಿದಾಗಲೂ ಬಂತು, ಸ್ವಲ್ಪ ಮಸುಕು. ತಡೆಯುವ ವಸ್ತುವನ್ನು ಹಿಡಿದಿಡುವ ಬಿಎಸ್‌ಎ ಪ್ರೊಟೀನನ್ನು ಮೈಕ್ರೋಲೀಟರಿಗೆ 0.4 ಮೈಕ್ರೋಗ್ರಾಂನಂತೆ ಸೇರಿಸಿದ ಮೇಲೆ ಇಪ್ಪತ್ತು ಪಟ್ಟು ತೆಳು ಮಾಡಿದಾಗಲೇ ಬಂತು.

ಆದರೆ ಬ್ಯಾಂಡ್ ಒಂದೇ ಬರಲಿಲ್ಲ. 300ರ ಹತ್ತಿರ ಇನ್ನೊಂದು, ಅದರ ಹಿಂದೆ ಉದ್ದಕ್ಕೆ ಹರಡಿದ ಮಬ್ಬು, ಅಂದರೆ ಸ್ಮಿಯರ್. ಡಿಎನ್ಎ ಬದಲು ನೀರು ಹಾಕಿದ ಕಂಟ್ರೋಲ್ ಖಾಲಿ ಇತ್ತು, ಹಾಗಾಗಿ ಕಂಟ್ಯಾಮಿನೇಷನ್ ಅಲ್ಲ. ಒಂದು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಬ್ಯಾಂಡ್ ಬರಲಿ ಅಂತ ಮೊದಲು ಮಾಡಿದ ಬದಲಾವಣೆಗಳೆಲ್ಲ ಹಾಗೇ ಉಳಿದಿದ್ದವು! 50 ಡಿಗ್ರಿ, 2.5 ಮೆಗ್ನೀಸಿಯಂ, 40 ಸೈಕಲ್ ಇದ್ದರೆ ಪ್ರೈಮರ್ ಎಲ್ಲೆಂದರಲ್ಲಿ ಅಂಟುತ್ತದೆ. ಮೆಗ್ನೀಸಿಯಂ 1.5ಕ್ಕೆ ತಂದೆ, 300ರದ್ದು ಮಸುಕಾಯಿತು. ಅನೀಲಿಂಗ್ 57ಕ್ಕೆ ಏರಿಸಿದೆ, ಅದು ಹೋಯಿತು. ಸೈಕಲ್ 32ಕ್ಕೆ ಇಳಿಸಿದ ಮೇಲೆ ಸ್ಮಿಯರ್ ಕೂಡ ಹೋಯಿತು. ಒಂದೊಂದನ್ನೇ ಬದಲಿಸಿದ್ದರಿಂದ ಯಾವುದು ಯಾವುದಕ್ಕೆ ಕಾರಣ ಅಂತ ಗೊತ್ತಾಯಿತು.

ನಡುವೆ ಸುಮ್ನೆ ಮನೆಯ ಅಪ್ಪೆಮಿಡಿ ಉಪ್ಪಿನಕಾಯಿಯಿಂದಲೂ ಡಿಎನ್ಎ ತೆಗೆದೆ. ಅದಕ್ಕೂ ಬ್ಯಾಂಡ್ ಇಲ್ಲ. ಆದರೆ ರಾಗಿ ಜೊತೆ ಬೆರೆಸಿದಾಗ ರಾಗಿಯ ಬ್ಯಾಂಡ್ ಪೂರ್ತಿ ಬಂತು, ಅಂದರೆ ತಡೆ ಇಲ್ಲ. ಜೆಲ್‌ನಲ್ಲಿ ಬರೀ ಡಿಎನ್ಎ ಓಡಿಸಿದರೆ 300ರ ಕೆಳಗೆ ಮಬ್ಬು ಮಾತ್ರ, ಎಲ್ಲ ಚೂರಾಗಿತ್ತು. ಇಂಥದ್ದನ್ನು ತೆಳು ಮಾಡಿ ಪ್ರಯೋಜನವಿಲ್ಲ, ಚಿಕ್ಕ ತುಂಡಿನ ಪ್ರೈಮರ್ ಬೇಕು.

ಉಳಿದ ಎರಡು ಮರಗಳದ್ದು ತುಂಬಾ ಬಲಿತ ಎಲೆ. ಐವತ್ತಕ್ಕೂ ನೂರಕ್ಕೂ ಬರಲಿಲ್ಲ. ಎಲೆ ಕೀಳುವ ಎರಡು ದಿನ ಮೊದಲು ಕೊಂಬೆಗೆ ನಾನು ಒಂದು ಕೆಲಸ ಮಾಡುತ್ತೇನೆ, ಲೋಳೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಅದನ್ನು ಪೇಪರ್ ಬಂದ ಮೇಲೆ ಹೇಳುತ್ತೇನೆ. ಮಳೆ ನಿಂತ ಮೇಲೆ ಆ ಎರಡು ಮರಗಳ ಚಿಗುರು ತರಲು ಹೋಗಬೇಕು.