ಐದಕ್ಕೆ ಎರಡು ಅಂಕ ಬಂದವರಿಗೆ ಏನು ಕಲಿಸಬೇಕು?

ವಾರ್ಷಿಕ ಮೌಲ್ಯಮಾಪನ ಮುಗಿದ ಮೇಲೆ ಕಡಿಮೆ ಅಂಕದವರನ್ನೆಲ್ಲ ಒಂದು ಹೋಟೆಲಿನ ಸಭಾಂಗಣದಲ್ಲಿ ಎರಡು ದಿನ ಕೂರಿಸುವುದನ್ನು ಹಲವು ಕಾರ್ಖಾನೆಗಳಲ್ಲಿ ನೋಡಿದ್ದೇನೆ. ಊಟ ಚೆನ್ನಾಗಿರುತ್ತದೆ. ಮರುವರ್ಷ ಪಟ್ಟಿಯಲ್ಲಿ ಅವೇ ಹೆಸರುಗಳು.

ಮೊದಲು, ಅಂಕ ಕೊಟ್ಟ ಮೇಲ್ವಿಚಾರಕರಿಂದ ದಿನಾಂಕ ಸಮೇತ ಮೂರು ಘಟನೆ ಕೇಳಿ. ಒಂದೂ ನೆನಪಾಗದಿದ್ದರೆ ತಿದ್ದಬೇಕಾದದ್ದು ಅಂಕವನ್ನು.

ಎರಡನೆಯ ಹೆಜ್ಜೆ, ತಪ್ಪು ಯಾವ ಕೆಲಸದಲ್ಲಿ ಆಗುತ್ತಿದೆ ಎಂದು ಹುಡುಕುವುದು. ಬಹಳ ಜನ ಎಡವುವುದು ಇಲ್ಲೇ. ಪೀಣ್ಯದ ಬಿಡಿಭಾಗ ಕಾರ್ಖಾನೆಯೊಂದರ ಉಗ್ರಾಣ ಗುಮಾಸ್ತರಿಗೆ ‘ನಿಖರತೆ’ಯಲ್ಲಿ ಎರಡು ಅಂಕ ಬಂದಿತ್ತು. ‘ನಿಖರತೆ’ಯನ್ನು ಯಾರಿಗೂ ಕಲಿಸಲಾಗದು. ಹಾಗಾಗಿ ಮೂರು ತಿಂಗಳ ಸರಕು ಸ್ವೀಕೃತಿ ಚೀಟಿಗಳಲ್ಲಿ ನಲವತ್ತನ್ನು ಹೊರತೆಗೆದು, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆವು. ಹನ್ನೊಂದು ತಪ್ಪುಗಳಿದ್ದವು. ಎರಡು, ಸಂಜೆ ಲಾರಿ ತಡವಾಗಿ ಬಂದು ತೂಕದ ಯಂತ್ರದ ಕೋಣೆಗೆ ಬೀಗ ಬಿದ್ದಿದ್ದ ದಿನಗಳದ್ದು. ಅದಕ್ಕೆ ಬೇಕಾದದ್ದು ಇನ್ನೊಂದು ಬೀಗದಕೈ, ತರಬೇತಿಯಲ್ಲ. ಉಳಿದ ಒಂಬತ್ತೂ ಉಕ್ಕಿನ ಸರಳಿನವು. ಸರಳು ಬರುವುದು ಕಿಲೋ ಲೆಕ್ಕದಲ್ಲಿ, ಯಂತ್ರಕ್ಕೆ ಕೊಡುವುದು ಮೀಟರ್ ಲೆಕ್ಕದಲ್ಲಿ. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರು ಅಂದಾಜಿನಲ್ಲಿ ಬರೆಯುತ್ತಿದ್ದರು.

ಇಷ್ಟು ತಿಳಿದ ಮೇಲೆ ಕಲಿಕೆಯ ಅಗತ್ಯ ಒಂದೇ ವಾಕ್ಯಕ್ಕೆ ಇಳಿಯಿತು: ‘ಸರಳಿನ ತೂಕದಿಂದ ಉದ್ದವನ್ನು ಯಾರ ನೆರವೂ ಇಲ್ಲದೆ ಲೆಕ್ಕ ಹಾಕಿ ಚೀಟಿಯಲ್ಲಿ ಬರೆಯಬೇಕು.’ ಮಾಡುವ ಕೆಲಸ ಕಣ್ಣಿಗೆ ಕಾಣದ ವಾಕ್ಯವನ್ನು ಹರಿದುಹಾಕಿ. ಇಪ್ಪತ್ತು ಕೌಶಲಗಳಿಗೆ ಗುರುತು ಹಾಕುವ ಸಿದ್ಧ ನಮೂನೆಗಳನ್ನು ಕೊಳ್ಳಲೇಬೇಡಿ. ಎಲ್ಲಕ್ಕೂ ಗುರುತು ಬೀಳುತ್ತದೆ, ಒಂದೂ ಕೈಗೆ ಹತ್ತುವುದಿಲ್ಲ.

ಕಲಿಸಿದ್ದು ಹಿರಿಯ ಫಿಟರ್, ಮೂರು ಬೆಳಿಗ್ಗೆ ಅರ್ಧರ್ಧ ಗಂಟೆ. ದುಂಡು ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಸಿಗುತ್ತದೆ. 20 ಮಿ.ಮೀ. ಸರಳಿಗೆ ಸುಮಾರು 2.47 ಕಿಲೋ. ಒಟ್ಟು ತೂಕವನ್ನು ಅದರಿಂದ ಭಾಗಿಸಿದರೆ ಉದ್ದ.

ತಪಾಸಣೆಯ ದಿನಗಳನ್ನು ಕಲಿಕೆ ಶುರುವಾಗುವ ಮೊದಲೇ ಕ್ಯಾಲೆಂಡರಿನಲ್ಲಿ ಬರೆದುಬಿಡಿ. ನಾವು ಮೂರು ಇಟ್ಟೆವು. ಹತ್ತನೆಯ ದಿನ ಹಳೆಯ ಹತ್ತು ಬಿಲ್ಲುಗಳನ್ನು ಎದುರಿಗೇ ಲೆಕ್ಕ ಹಾಕಿಸುವುದು. ಮೂವತ್ತನೆಯ ದಿನ ಹೊಸ ಚೀಟಿಗಳಲ್ಲಿ ಇಪ್ಪತ್ತನ್ನು ಕಣ್ಣುಮುಚ್ಚಿ ಎತ್ತಿ ನೋಡುವುದು; ಒಂದು ತಪ್ಪಿಗೆ ಮಾತ್ರ ರಿಯಾಯಿತಿ. ತೊಂಬತ್ತನೆಯ ದಿನ ಮತ್ತೆ ಅದೇ. ಪರೀಕ್ಷಿಸುವವರು ಮೇಲ್ವಿಚಾರಕರೇ ಆಗಿರಬೇಕು, ಸಿಬ್ಬಂದಿ ವಿಭಾಗದವರಲ್ಲ. ‘ತರಬೇತಿ ಹೇಗಿತ್ತು?’ ಎಂದು ಕೇಳುವ ಹಾಳೆ ತಪಾಸಣೆಯಲ್ಲ.

ಮೂವತ್ತನೆಯ ದಿನ ಮೂರು ತಪ್ಪು ಸಿಕ್ಕವು. ಇಂಥ ಹೊತ್ತಿನಲ್ಲಿ ಅದೇ ಪಾಠವನ್ನು ಮತ್ತೆ ಒಪ್ಪಿಸಬೇಡಿ, ತಪ್ಪುಗಳನ್ನು ಬಿಡಿಸಿ ನೋಡಿ. ಮೂರೂ ಷಟ್ಕೋನದ ಸರಳುಗಳಾಗಿದ್ದವು. ಎದುರುಬದುರು ಬದಿಗಳ ಅಂತರವನ್ನೇ ವ್ಯಾಸವೆಂದು ಹಿಡಿದು ದುಂಡು ಸರಳಿನ ಸೂತ್ರ ಹಾಕಿದರೆ ಮೀಟರಿನ ತೂಕ ಸುಮಾರು ಹತ್ತನೇ ಒಂದು ಭಾಗದಷ್ಟು ಕಡಿಮೆ ಬರುತ್ತದೆ. ನಮ್ಮ ಫಿಟರ್ ಅದನ್ನು ಹೇಳಲು ಮರೆತಿದ್ದರು. ಮರುದಿನ ತೂಕದ ಯಂತ್ರದ ಮೇಲೆ ಎರಡನೆಯ ಸೂತ್ರದ ಚೀಟಿ ಅಂಟಿತು. ತೊಂಬತ್ತನೆಯ ದಿನ ಇಪ್ಪತ್ತೂ ಸರಿಯಿದ್ದವು.